ತಂತ್ರಾಂಶದ ಖರ್ಚಿಗೆ ಮಂಜೂರಾತಿ: ಉಳಿತಾಯದ ಲೆಕ್ಕದಲ್ಲಿನ ತಪ್ಪು ಕಲ್ಪನೆಗಳು

ನೋಂದಾಯಿತ ಉದ್ದಿಮೆಯೊಂದು ತನ್ನ ಖರೀದಿಗಳ ಮೇಲೆ ತೆತ್ತ ಜಿಎಸ್‌ಟಿಯನ್ನು ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಿಂದ ಕಳೆಯಲು ಇರುವ ಅವಕಾಶಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದು ಹೆಸರು. ಪ್ರತಿ ತಿಂಗಳ 14ರಂದು ಪೋರ್ಟಲ್‌ನಲ್ಲಿ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯನ್ನು ಕಚೇರಿಯ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, ಮಾಸಿಕ ವಿವರ ಸಲ್ಲಿಸುವವರು 20ರೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ್ದರಿಂದ, ಈ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಒಂದು ವಾರ. ಈ ಒತ್ತಡದಿಂದಲೇ ಲೆಕ್ಕಪತ್ರ ವಿಭಾಗಗಳಲ್ಲಿ ತಾಳೆ ನೋಡುವ ತಂತ್ರಾಂಶಕ್ಕೆ ಬೇಡಿಕೆ ಹುಟ್ಟುತ್ತದೆ. ಆದರೆ ವಿಭಾಗ ಮುಖ್ಯಸ್ಥರ ಮುಂದಿಡುವ ಟಿಪ್ಪಣಿಯಲ್ಲಿ ಕೆಲವು ತಪ್ಪು ಕಲ್ಪನೆಗಳು ನುಸುಳಿ, ನ್ಯಾಯವಾದ ಬೇಡಿಕೆಯೂ ತಿರಸ್ಕೃತವಾಗುವುದುಂಟು.

ತಪ್ಪು ಕಲ್ಪನೆ: ತಂತ್ರಾಂಶ ಹುಡುಕಿಕೊಟ್ಟ ಕ್ರೆಡಿಟ್ ಎಲ್ಲವೂ ಉಳಿತಾಯ

ತಿಂಗಳಿಗೆ 2 ಲಕ್ಷ ರೂಪಾಯಿಯ ಕ್ರೆಡಿಟ್ ತಾಳೆಯಾಗದೆ ಉಳಿಯುತ್ತಿದ್ದರೆ, ವರ್ಷಕ್ಕೆ 24 ಲಕ್ಷ ಉಳಿಯುತ್ತದೆ ಎಂದು ಬರೆಯುವ ಆಸೆ ಸಹಜ. ಬಿಲ್ಲಿನ ಸಂಖ್ಯೆಯನ್ನು ಮಾರಾಟಗಾರರು INV/045 ಎಂದೂ ಗುಮಾಸ್ತರು INV-45 ಎಂದೂ ನಮೂದಿಸಿದ್ದರಿಂದ ಹೊಂದಿಕೆಯಾಗದ ಕ್ರೆಡಿಟ್ ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ತಡವಾಗಿ ಸಿಗುತ್ತದೆ. ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30 ಅಥವಾ ವಾರ್ಷಿಕ ವಿವರ ಸಲ್ಲಿಕೆ, ಇವೆರಡರಲ್ಲಿ ಮೊದಲು ಬರುವ ದಿನದೊಳಗೆ ಅದನ್ನು ಪಡೆಯಬಹುದು. ಆದ್ದರಿಂದ ನಿಜವಾದ ನಷ್ಟವೆಂದರೆ ಆ ಹಣ ಸಿಕ್ಕಿಬಿದ್ದ ಅವಧಿಯ ಬಡ್ಡಿ ಮತ್ತು ಗಡುವು ಮೀರಿ ಕೈತಪ್ಪಿದ ಮೊತ್ತ ಮಾತ್ರ. ಪ್ರತಿ ತಿಂಗಳ 2 ಲಕ್ಷವೂ ಎರಡು ತಿಂಗಳು ತಡವಾದರೆ ಸದಾ 4 ಲಕ್ಷ ಸಿಕ್ಕಿಬಿದ್ದಿರುತ್ತದೆ. ತಂತ್ರಾಂಶದಿಂದ ವಿಳಂಬ ಒಂದು ತಿಂಗಳಿಗೆ ಇಳಿದರೆ 2 ಲಕ್ಷ ಬಿಡುಗಡೆಯಾಗಿ, ಬ್ಯಾಂಕ್ ಸಾಲದ ಬಡ್ಡಿ ಶೇ. 10 ಎಂದು ಹಿಡಿದಾಗ ವರ್ಷಕ್ಕೆ 20,000 ರೂಪಾಯಿ ಉಳಿಯುತ್ತದೆ. ಮಾರಾಟಗಾರರೇ ತಮ್ಮ ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ ಆಗುವ ವಿಳಂಬವನ್ನು ಯಾವ ತಂತ್ರಾಂಶವೂ ತಗ್ಗಿಸಲಾರದು. ಆ ಭಾಗವನ್ನು ಲೆಕ್ಕದಿಂದ ಮೊದಲೇ ಹೊರಗಿಡಬೇಕು.

ತಪ್ಪು ಕಲ್ಪನೆ: ಉಳಿದ ಗಂಟೆಗಳನ್ನು ಸಂಬಳದಿಂದ ಗುಣಿಸಿದರೆ ಉಳಿದ ಹಣ ಸಿಗುತ್ತದೆ

ತಾಳೆ ಕೆಲಸ ತಿಂಗಳಿಗೆ 40 ಗಂಟೆಯಿಂದ 12 ಗಂಟೆಗೆ ಇಳಿಯುತ್ತದೆ, ಗಂಟೆಯ ವೆಚ್ಚ 250 ರೂಪಾಯಿ ಎಂದಿಟ್ಟುಕೊಂಡರೆ, 28 ಗಂಟೆಗೆ 7,000ದಂತೆ ವರ್ಷಕ್ಕೆ 84,000 ರೂಪಾಯಿ ಕಾಣುತ್ತದೆ. ಆದರೆ ಕಾಯಂ ನೌಕರರ ಸಂಬಳ ತಂತ್ರಾಂಶ ಬಂದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಆ 28 ಗಂಟೆಗಳಲ್ಲಿ 20 ಗಂಟೆಯನ್ನು ಹೊರಗಿನಿಂದ ಕರೆಸಿದ ತಾತ್ಕಾಲಿಕ ಲೆಕ್ಕಿಗರು ಮಾಡುತ್ತಿದ್ದರೆ, ಅವರಿಗೆ ಕೊಡುತ್ತಿದ್ದ ತಿಂಗಳ 5,000, ಅಂದರೆ ವರ್ಷದ 60,000 ರೂಪಾಯಿ ಮಾತ್ರ ನಗದು ಉಳಿತಾಯ. ಮಿಕ್ಕ 8 ಗಂಟೆಗಳು ಬಿಡುವಾದ ಸಮಯ. ಅದನ್ನು ರೂಪಾಯಿಗೆ ಪರಿವರ್ತಿಸದೆ, ವಿವರ ಸಲ್ಲಿಸದ ಮಾರಾಟಗಾರರನ್ನು ವಿಚಾರಿಸುವಂಥ ಯಾವ ಕೆಲಸಕ್ಕೆ ಬಳಸಲಾಗುತ್ತದೆ ಎಂಬುದನ್ನು ಬೇರೆ ಸಾಲಿನಲ್ಲಿ ಬರೆಯುವುದೇ ಸರಿಯಾದ ಕ್ರಮ. ಆಯವ್ಯಯ ನೋಡಿಕೊಳ್ಳುವವರು ಮೊದಲು ಕೈಯಿಡುವುದು ನಗದು ಉಳಿತಾಯವನ್ನೂ ಬಿಡುವಾದ ಸಮಯವನ್ನೂ ಬೆರೆಸಿದ ಕಡೆಯಲ್ಲೇ.

ತಪ್ಪು ಕಲ್ಪನೆ: ದರಪಟ್ಟಿಯ ಮೊತ್ತವೇ ಖರ್ಚು

ವಾರ್ಷಿಕ ಚಂದಾ 60,000 ಎಂದಿರುವಲ್ಲಿ ಹಳೆಯ ದತ್ತಾಂಶ ಸೇರಿಸುವುದಕ್ಕೂ ತರಬೇತಿಗೂ ಮೊದಲ ವರ್ಷ 15,000 ಕೂಡಿದರೆ 75,000 ಆಗುತ್ತದೆ, ಅದರ ಮೇಲೆ ಶೇ. 18ರ ಜಿಎಸ್‌ಟಿ 13,500. ತೆರಿಗೆಗೊಳಪಟ್ಟ ಸರಕು ಮಾರುವ ಉದ್ದಿಮೆಗೆ ಈ ತೆರಿಗೆ ಕ್ರೆಡಿಟ್ ಆಗಿ ಮರಳುವುದರಿಂದ ಮೊದಲ ವರ್ಷದ ವೆಚ್ಚ 75,000, ಬಡ್ಡಿಯ 20,000 ಮತ್ತು ತಾತ್ಕಾಲಿಕ ಲೆಕ್ಕಿಗರ 60,000 ಸೇರಿ ಒಟ್ಟು ನಗದು ಉಳಿತಾಯ 80,000, ನಿವ್ವಳ ಲಾಭ 5,000. ಚಂದಾ ಏರದಿದ್ದರೆ ಎರಡನೆಯ ವರ್ಷದಿಂದ 20,000. ತೆರಿಗೆ ವಿನಾಯಿತಿಯ ಸೇವೆಯನ್ನಷ್ಟೇ ನೀಡುವ ಸಂಸ್ಥೆಯೊಂದು ಇಂಥದೇ ಬೆಲೆಯ ಬೇರೊಂದು ತಂತ್ರಾಂಶ ಕೊಂಡರೆ ಆ 13,500 ಮರಳುವುದಿಲ್ಲ, ಅಷ್ಟೇ ಉಳಿತಾಯಕ್ಕೆ ಮೊದಲ ವರ್ಷ 8,500 ರೂಪಾಯಿ ಕೊರತೆ ಬೀಳುತ್ತದೆ.

ಹೋಲಿಕೆಯನ್ನು ಎರಡು ಕಂಪನಿಗಳ ದರಗಳಿಗೆ ಸೀಮಿತಗೊಳಿಸುವುದೂ ಸಾಲದು. ಈಗಿನ ಎಕ್ಸೆಲ್ ಪದ್ಧತಿಗೂ ಜಿಎಸ್‌ಟಿ ಪೋರ್ಟಲ್‌ನಲ್ಲೇ ಉಚಿತವಾಗಿ ದೊರೆಯುವ ತಾಳೆ ಸಾಧನಕ್ಕೂ ಒಂದೊಂದು ಕಾಲಂ ಇರಬೇಕು; ಏಕೆಂದರೆ ಉಚಿತವಾದದ್ದು ಏಕೆ ಸಾಲದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಾಯೋಗಿಕ ಅವಧಿಯಲ್ಲಿ ಈಗಾಗಲೇ ಮುಗಿದ ಒಂದೇ ತಿಂಗಳ ಬಿಲ್ಲುಗಳನ್ನು ಮೂರೂ ವಿಧಾನಗಳಲ್ಲಿ ತಾಳೆ ನೋಡಿ, ಹಿಡಿದ ಗಂಟೆಗಳನ್ನೂ ಹೊಂದದೆ ಉಳಿದ ಬಿಲ್ಲುಗಳ ಸಂಖ್ಯೆಯನ್ನೂ ಟಿಪ್ಪಣಿಗೆ ಲಗತ್ತಿಸಿದರೆ, ಮುಖ್ಯಸ್ಥರು ತಂತ್ರಾಂಶ ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಆ ಪರೀಕ್ಷೆಯಲ್ಲಿ ಉಚಿತ ಸಾಧನವೂ 15 ಗಂಟೆಯಲ್ಲಿ ಅಷ್ಟೇ ಕೆಲಸ ಮುಗಿಸಿದರೆ, ಖರೀದಿಯ ಬೇಡಿಕೆಯನ್ನು ಕೈಬಿಡುವುದೇ ಯುಕ್ತ.