ಆಫೀಸಿನ ಇನ್ನೊಂದು ಕುರ್ಚಿ

ಪೈಲ್ಸ್ ಆಗಿದೆ ಎಂದು ಗೊತ್ತಾದಾಗ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು ಮೊದಲು ಬೈಯುವುದು ಕುರ್ಚಿಯನ್ನು, ಆಮೇಲೆ ಖಾರವನ್ನು. ಅಷ್ಟರಲ್ಲಿ ನಡುವೆ ತೂತಿರುವ ದಿಂಬೊಂದು ಮನೆಗೆ ಬಂದಿರುತ್ತದೆ. ಆದರೆ ಹೆಚ್ಚು ಅನುಮಾನಿಸಬೇಕಾದ ಆಸನ ಇನ್ನೊಂದಿದೆ. ಅದು ಇರುವುದು ಕಾರಿಡಾರಿನ ಕೊನೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಪುಟ್ಟ ಕೋಣೆಯಲ್ಲಿ.

ಪೈಲ್ಸ್ ಎಂದರೆ ಹೊರಗಿನಿಂದ ಬಂದು ಮೊಳೆಯುವ ಗಂಟಲ್ಲ. ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳು ತುಂಬಿದ ಮೆತ್ತೆಗಳು ಹುಟ್ಟಿನಿಂದಲೇ ಎಲ್ಲರಿಗೂ ಇರುತ್ತವೆ, ಸಾಮಾನ್ಯವಾಗಿ ಮೂರು. ನಲ್ಲಿಯೊಳಗಿನ ವಾಷರ್ ಮಾಡುವ ಕೆಲಸವನ್ನೇ ಅವು ಮಾಡುತ್ತವೆ: ಗಾಳಿ, ನೀರು ನಮಗೆ ತಿಳಿಯದೆ ಸೋರಿಹೋಗದಂತೆ ಸಂದನ್ನು ಮುಚ್ಚುತ್ತವೆ. ಅವನ್ನು ಗೋಡೆಗೆ ಹಿಡಿದಿಟ್ಟಿರುವ ನಾರುಗಳು ಸಡಿಲಗೊಂಡು, ಮೆತ್ತೆಗಳು ಊದಿ ಕೆಳಗೆ ಜಾರಿದಾಗ ಅದು ಮೂಲವ್ಯಾಧಿ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಈ ಮೆತ್ತೆಗಳನ್ನು ದಿನವೂ ಕೆಳಕ್ಕೆ ತಳ್ಳುತ್ತಿರುವುದು ಯಾವುದು?

ಆಫೀಸಿನ ಕುರ್ಚಿಯಲ್ಲಿ ಕೂತಾಗ ಮೈಭಾರ ಪೃಷ್ಠದ ಎರಡು ಮೂಳೆಗಳ ಮೇಲೆ ಬೀಳುತ್ತದೆ, ನಡುವಿನ ಭಾಗಕ್ಕೂ ಕೆಳಗಿನಿಂದ ಆಧಾರ ಸಿಗುತ್ತದೆ. ಕಮೋಡಿನ ಮೇಲೆ ಆ ಆಧಾರವಿಲ್ಲ. ಅಂಚಿನ ಉಂಗುರ ತೊಡೆಗಳನ್ನು ಹೊತ್ತುಕೊಳ್ಳುತ್ತದೆ, ನಡುವಿನ ಭಾಗ ಖಾಲಿಯಲ್ಲಿ ಜೋತುಬೀಳುತ್ತದೆ. ವಿಸರ್ಜನೆಗೆಂದು ಸ್ನಾಯುಗಳೂ ಸಡಿಲವಾಗಿರುವುದರಿಂದ ಮೆತ್ತೆಗಳಲ್ಲಿ ರಕ್ತ ತುಂಬಿ ನಿಲ್ಲುತ್ತದೆ. ಮೂರು ನಿಮಿಷದ ಮಟ್ಟಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇಪ್ಪತ್ತು ನಿಮಿಷ ಕೂತಾಗ.

ಅಷ್ಟು ಹೊತ್ತು ಕೂರಿಸುವುದು ಮಲಬದ್ಧತೆಯೊಂದೇ ಅಲ್ಲ, ಮೊಬೈಲು ಕೂಡ. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ವೈದ್ಯರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಲೊನೊಸ್ಕೋಪಿಗೆ ಬಂದಿದ್ದ 125 ಮಂದಿಯ ಶೌಚಾಲಯದ ಅಭ್ಯಾಸಗಳನ್ನು ಕೇಳಿ, ಪರೀಕ್ಷೆಯಲ್ಲಿ ಕಂಡದ್ದರ ಜೊತೆ ಹೋಲಿಸಿದರು. ಮೊಬೈಲ್ ಒಯ್ಯುವವರಲ್ಲಿ ಪೈಲ್ಸ್ ಸಂಭವ ಶೇ. 46ರಷ್ಟು ಹೆಚ್ಚಿತ್ತು. ಐದು ನಿಮಿಷಕ್ಕಿಂತ ಹೆಚ್ಚು ಕೂರುವವರು ಅವರಲ್ಲಿ ಶೇ. 37, ಒಯ್ಯದವರಲ್ಲಿ ಶೇ. 7 ಮಾತ್ರ. ಸಣ್ಣ ಅಧ್ಯಯನ ಇದು, ಮೊಬೈಲಿನಿಂದಲೇ ಪೈಲ್ಸ್ ಬಂತೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ ದೇಹರಚನೆ ಹೇಳುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಆಫೀಸಿನಲ್ಲಿ ಮೊಬೈಲ್ ಹಿಡಿದು ಟಾಯ್ಲೆಟ್ಟಿಗೆ ಹೋಗುವುದರ ಹಿಂದೆ ಇನ್ನೊಂದು ಕಾರಣವಿದೆ ಎಂದು ನನ್ನ ಅನುಮಾನ. ಮೇಲಿನವರು ಹಿಂದಿನಿಂದ ಬಂದು ಇಣುಕದ ಜಾಗ ಇಡೀ ಕಟ್ಟಡದಲ್ಲಿ ಅದೊಂದೇ. ವಿರಾಮ ಬೇಕಾಗಿರುತ್ತದೆ, ಅದನ್ನು ಕಮೋಡಿನ ಮೇಲೆ ತೆಗೆದುಕೊಳ್ಳುತ್ತೇವೆ.

ಒಂದು ದಿನಚರಿ ಊಹಿಸಿಕೊಳ್ಳಿ. ಮನೆ ರಾಜಾಜಿನಗರ, ಆಫೀಸು ವೈಟ್‌ಫೀಲ್ಡ್. ಏಳಕ್ಕೆ ಎದ್ದು, ಕಾಫಿ ಕುಡಿದು, ಎರಡು ಇಡ್ಲಿ ನುಂಗಿ ಏಳೂವರೆಗೆ ಮನೆ ಬಿಡುವ ಮನುಷ್ಯ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುವುದು ಸಹಜ, ಬೆಳಗಿನ ತಿಂಡಿಯ ನಂತರ ಅದು ಹೆಚ್ಚು ಬಲವಾಗಿರುತ್ತದೆ. ಈತನಿಗೆ ಆ ಕರೆ ಬರುವುದು ಮೆಟ್ರೋದಲ್ಲಿ ನಿಂತಿರುವಾಗ. ತಡೆದುಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಕರೆ ಅಡಗುತ್ತದೆ, ಒಳಗೇ ಉಳಿದ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ. ಮೀಟಿಂಗ್ ಮುಗಿಸಿ ಹನ್ನೊಂದೂವರೆಗೆ ಹೋದಾಗ ಮಲ ಗಟ್ಟಿಯಾಗಿರುತ್ತದೆ, ಕರೆ ಇರುವುದಿಲ್ಲ. ಕಾಯುತ್ತಾ ಮೊಬೈಲು ತೆಗೆಯುತ್ತಾನೆ, ನಡುನಡುವೆ ಉಸಿರು ಕಟ್ಟಿ ತಿಣುಕುತ್ತಾನೆ. ತಿಂಗಳು ಕಳೆದು ಒಂದು ದಿನ ಕಮೋಡಿನ ಬಿಳಿಯ ಮೇಲೆ ಕೆಂಪು ಹನಿಗಳು ಕಾಣುತ್ತವೆ. ನೋವಿಲ್ಲ. ಒಳಗಿನ ಪೈಲ್ಸ್ ಸಾಮಾನ್ಯವಾಗಿ ನೋಯುವುದಿಲ್ಲ.

ಇದನ್ನು ತಿದ್ದಲು ಶುರುಮಾಡಬೇಕಾದ ಜಾಗ ಆಫೀಸಲ್ಲ, ಮನೆ. ಇಪ್ಪತ್ತು ನಿಮಿಷ ಮೊದಲು ಏಳಬೇಕು. ತಿಂಡಿಯಾದ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಲೋ ಡಬ್ಬಿ ಕಟ್ಟುತ್ತಲೋ ಓಡಾಡಿಕೊಂಡಿದ್ದು, ಕರೆ ಬಂದಾಗ ಮಾತ್ರ ಒಳಗೆ ಹೋಗಬೇಕು, ಮೊಬೈಲನ್ನು ಹೊರಗಿಟ್ಟು. ಕಮೋಡ್ ಆದರೆ ಪಾದಗಳ ಕೆಳಗೆ ಏಳೆಂಟು ಇಂಚಿನ ಮಣೆಯೋ ಸ್ಟೂಲೋ ಇರಲಿ. ಮಂಡಿ ಸೊಂಟಕ್ಕಿಂತ ಮೇಲಿರಬೇಕು, ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಬೇಕು. ಗುದನಾಳವನ್ನು ಕೊಕ್ಕೆಯಂತೆ ಮುಂದಕ್ಕೆ ಎಳೆದುಕೊಂಡಿರುವ ಸ್ನಾಯುವೊಂದಿದೆ. ಕುಕ್ಕರಗಾಲಿನ ಭಂಗಿಯಲ್ಲಿ ಅದು ಸಡಿಲಗೊಂಡು ದಾರಿ ನೆಟ್ಟಗಾಗುತ್ತದೆ. ಇಸ್ರೇಲಿನ ಸಿಕಿರೋವ್ ಎಂಬ ವೈದ್ಯ 2003ರಲ್ಲಿ 28 ಮಂದಿಯಲ್ಲಿ ಅಳೆದು ನೋಡಿದಾಗ, ಕಮೋಡಿನಲ್ಲಿ ಸರಾಸರಿ 130 ಸೆಕೆಂಡ್ ಹಿಡಿದ ಕೆಲಸ ಕುಕ್ಕರಗಾಲಿನಲ್ಲಿ 51 ಸೆಕೆಂಡಿಗೆ ಮುಗಿದಿತ್ತು. ಹಾಗಂತ ಇಂಡಿಯನ್ ಟಾಯ್ಲೆಟ್ ಇದ್ದವರಿಗೆ ಪೈಲ್ಸ್ ಬರುವುದಿಲ್ಲ ಎಂದಲ್ಲ. ಅಲ್ಲೂ ಕೂತು ತಿಣುಕಿದರೆ ಫಲ ಅದೇ.

ಐದು ನಿಮಿಷದಲ್ಲಿ ಆಗಲಿಲ್ಲವೆಂದರೆ ಎದ್ದುಬಿಡಬೇಕು. ಇನ್ನೂ ಸ್ವಲ್ಪ ಉಳಿದಿದೆ ಎನ್ನಿಸುವುದು ಬಹಳ ಸಲ ಊದಿದ ಮೆತ್ತೆಯದೇ ಕರಾಮತ್ತು. ಅದನ್ನೇ ಹೊರತಳ್ಳಲು ತಿಣುಕಿದರೆ ಅದು ಮತ್ತಷ್ಟು ಜಾರುತ್ತದೆ.

ಇನ್ನು ವಿರಾಮ. ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ನಡೆದರೆ ಕೆಳಭಾಗದ ಒತ್ತಡ ಇಳಿಯುತ್ತದೆ. ಓಡಾಟವಿದ್ದರೆ ಕರುಳೂ ಜಡವಾಗುವುದಿಲ್ಲ. ಅಲಾರಂ ಇಟ್ಟುಕೊಂಡವರು ಮೂರನೇ ದಿನ ಅದನ್ನು ಆರಿಸುತ್ತಾರೆ. ಅದರ ಬದಲು ಎರಡು ಲೀಟರಿನ ಬಾಟಲಿ ಮೇಜಿನ ಮೇಲಿಡದೆ ಸಣ್ಣ ಲೋಟ ಇಟ್ಟುಕೊಂಡರೆ ನೀರಿಗಾಗಿ ಏಳಲೇಬೇಕಾಗುತ್ತದೆ. ಫೋನಿನಲ್ಲಿ ಮಾತಾಡುವುದನ್ನೆಲ್ಲ ನಡೆಯುತ್ತಲೇ ಮಾಡಬಹುದು. ಮೊಬೈಲ್ ನೋಡುವ ವಿರಾಮವನ್ನೂ ಮೆಟ್ಟಿಲ ಬಳಿ ನಿಂತು ತೆಗೆದುಕೊಳ್ಳಲಿ, ಯಾರಾದರೂ ಇಣುಕಿದರೆ ಇಣುಕಲಿ.

ಕುರ್ಚಿಯ ವಿಷಯಕ್ಕೆ ಬಂದರೆ, ಪಾದಗಳು ನೆಲಕ್ಕೆ ಪೂರ್ತಿ ಊರಬೇಕು, ಕೂರುವ ಜಾಗ ಚಪ್ಪಟೆಯಾಗಿ ತುಸು ಗಟ್ಟಿಯಾಗಿರಬೇಕು. ತೂತಿನ ದಿಂಬನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೂತಾಗ ಅದು ಮಾಡುವುದು ಕಮೋಡಿನ ಉಂಗುರ ಮಾಡುವುದನ್ನೇ, ಅಂಚನ್ನು ಎತ್ತಿ ನಡುವನ್ನು ಜೋತುಬಿಡುತ್ತದೆ. ನೋವಿರುವ ಒಂದೆರಡು ದಿನ ಹಾಯೆನಿಸಬಹುದು, ಎಂಟು ಗಂಟೆಯ ಕೆಲಸಕ್ಕೆ ಚಪ್ಪಟೆ ಫೋಮ್ ಮೇಲು.

ನಾರು ಕಡಿಮೆಯಿದ್ದರೆ ಇದ್ಯಾವುದೂ ಪೂರ್ತಿ ಫಲಿಸದು. ದಿನಕ್ಕೆ 25–30 ಗ್ರಾಂ ನಾರು ಬೇಕು. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 11 ಗ್ರಾಂ ಸಿಗುತ್ತದೆ, ಬಿಳಿ ಅಕ್ಕಿಯ ಅನ್ನದಲ್ಲಿ ಅದರ ಕಾಲುಭಾಗವೂ ಇಲ್ಲ. ಇಸಬ್ಗೋಲ್ ತೆಗೆದುಕೊಳ್ಳುವವರು ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು, ಇಲ್ಲದಿದ್ದರೆ ಅದೇ ಒಳಗೆ ಕಟ್ಟಿಕೊಳ್ಳುತ್ತದೆ.

ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಆಪರೇಷನ್ ಇಲ್ಲದೆ ಗುಣ ಎಂದು ಬರೆಸಿರುವವರ ಬಳಿ ಹೋಗುವ ಮೊದಲು ಒಂದು ಮಾತು. ರಕ್ತ ಕಂಡದ್ದೆಲ್ಲ ಪೈಲ್ಸ್ ಅಲ್ಲ. ಚಾಕುವಿನಿಂದ ಕೊಯ್ದಂಥ ನೋವಿದ್ದರೆ ಅದು ಬಿರುಕು, ಅಂದರೆ ಫಿಷರ್ ಇರಬಹುದು. ರಕ್ತ ಕಪ್ಪಗಿದ್ದರೆ, ಮಲದೊಳಗೇ ಬೆರೆತು ಬಂದರೆ, ತೂಕ ಇಳಿಯುತ್ತಿದ್ದರೆ, ವಿಸರ್ಜನೆಯ ರೀತಿಯೇ ಬದಲಾಗಿದ್ದರೆ, ಅಥವಾ ವಯಸ್ಸು 45 ದಾಟಿದ ಮೇಲೆ ಮೊದಲ ಸಲ ರಕ್ತ ಕಂಡರೆ ಕಾಯದೆ ಸರ್ಜನ್ ಹತ್ತಿರ ಹೋಗಬೇಕು. ಅವರು ಬೆರಳಿನಿಂದ, ಪುಟ್ಟ ಕೊಳವೆಯಿಂದ ಮಾಡುವ ಪರೀಕ್ಷೆ ಕೆಲವೇ ನಿಮಿಷಗಳದ್ದು, ಅದಕ್ಕೆ ಸಾಮಾನ್ಯವಾಗಿ ಅರಿವಳಿಕೆಯೂ ಬೇಕಿಲ್ಲ.