ಐದೋ, ಆರೋ, ಮೂರೋ?

ಎರಡು ದಾಳಗಳನ್ನು ಒಟ್ಟಿಗೆ ಎಸೆದರೆ ಮೊತ್ತ 8 ಬರುವ ಸಂಭವನೀಯತೆ ಎಷ್ಟು? ಹತ್ತನೇ ತರಗತಿಯಲ್ಲಿ ಮತ್ತೆ ಮತ್ತೆ ಬರುವ ಈ ಪ್ರಶ್ನೆಗೆ ಉತ್ತರ ಪತ್ರಿಕೆಗಳಲ್ಲಿ 5/36, 6/36, 3/36, 1/11 ಎಂಬ ನಾಲ್ಕು ಉತ್ತರಗಳೂ ಸಿಗಬಹುದು. ಸರಿ ಇರುವುದು ಮೊದಲನೆಯದು ಮಾತ್ರ. ಆದರೆ ಉಳಿದ ಮೂರೂ ಒಂದೇ ಬಗೆಯ ತಪ್ಪಲ್ಲ.

1/11 ಬರೆದ ಹುಡುಗಿ 2ರಿಂದ 12ರವರೆಗಿನ ಮೊತ್ತಗಳನ್ನು ಎಣಿಸಿ, ಹನ್ನೊಂದಕ್ಕೂ ಸಮಾನ ಅವಕಾಶವಿದೆ ಎಂದುಕೊಂಡಿದ್ದಾಳೆ. ಇದು ಎಷ್ಟು ಸಹಜವೆಂದರೆ, ಎನ್‌ಸಿಇಆರ್‌ಟಿ ಪುಸ್ತಕ ಇದೇ ವಾದವನ್ನು ವಿದ್ಯಾರ್ಥಿಯೊಬ್ಬನ ಬಾಯಲ್ಲಿಟ್ಟು 'ನೀವು ಒಪ್ಪುತ್ತೀರಾ' ಎಂದು ಕೇಳುತ್ತದೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಬೀಳುವ ಸಂಭವನೀಯತೆ 2/3 ಎಂದು ಫ್ರೆಂಚ್ ಗಣಿತಜ್ಞ ದಲಾಂಬೇರ್ 1754ರಲ್ಲಿ ವಾದಿಸಿದ್ದ. ಸರಿಯುತ್ತರ 3/4.

ಒಂದು ದಾಳ ಕೆಂಪು, ಇನ್ನೊಂದು ಹಸಿರು ಎಂದಿಟ್ಟುಕೊಂಡು ಆರು ಅಡ್ಡಸಾಲು, ಆರು ಕಂಬಸಾಲುಗಳ ಕೋಷ್ಟಕ ಬರೆದರೆ ಗೊಂದಲ ಕಳೆಯುತ್ತದೆ. ಕೆಂಪಿನಲ್ಲಿ 3, ಹಸಿರಿನಲ್ಲಿ 5 ಒಂದು ಮನೆ. ಕೆಂಪಿನಲ್ಲಿ 5, ಹಸಿರಿನಲ್ಲಿ 3 ಬೇರೆ ಮನೆ. ಮೊತ್ತ 8 ಇರುವ ಮನೆಗಳು (2,6), (3,5), (4,4), (5,3), (6,2). ಅದಲುಬದಲಾದ ಜೋಡಿಗಳನ್ನು ಬಿಟ್ಟವರಿಗೆ 3 ಸಿಗುತ್ತದೆ. (4,4)ಅನ್ನೂ ಅದಲುಬದಲು ಮಾಡಿ ಎರಡು ಸಲ ಎಣಿಸಿದವರಿಗೆ 6.

ಮೌಲ್ಯಮಾಪಕರ ಪೆನ್ನು ತಡೆದು ನಿಲ್ಲಬೇಕಾದ್ದು ಇಲ್ಲೇ. 6/36 ಬರೆದವನಿಗೆ ಒಟ್ಟು ಫಲಿತಗಳು 36 ಎಂಬುದು ಗೊತ್ತಿದೆ, ಸೂತ್ರವೂ ಗೊತ್ತಿದೆ. ತಪ್ಪಿದ್ದು ಒಂದು ಮನೆಯ ಎಣಿಕೆ. ಹಂತಗಳಿಗೆ ಅಂಕವಿರುವಾಗ ಅವನಿಗೆ ಸೊನ್ನೆ ಕೊಡುವುದು ಅನ್ಯಾಯ. 1/11 ಬರೆದವಳ ತಪ್ಪು ಬುಡದಲ್ಲೇ ಇದೆ. ಅಂಕ ಕಳೆದರೆ ಸಾಲದು, ಮೊತ್ತ 2 ಎಷ್ಟು ಮನೆಗಳಲ್ಲಿದೆ, 7 ಎಷ್ಟರಲ್ಲಿದೆ ಎಂದು ಅವಳಿಂದಲೇ ಎಣಿಸಬೇಕು. ಒಂದು ಮತ್ತು ಆರು ಎಂಬುದನ್ನು ಕಂಡ ಮೇಲೆ ವಾದ ತಾನೇ ಬೀಳುತ್ತದೆ.

ಇಸ್ಪೀಟಿನ ಲೆಕ್ಕಕ್ಕೂ ಕೋಷ್ಟಕ ಒದಗುತ್ತದೆ, ಹೆಚ್ಚಿನವರು ಬರೆಯುವುದಿಲ್ಲವಷ್ಟೆ. ನಾಲ್ಕು ಗುರುತುಗಳಿಗೆ ನಾಲ್ಕು ಅಡ್ಡಸಾಲು, ಹದಿಮೂರು ಎಲೆಗಳಿಗೆ ಹದಿಮೂರು ಕಂಬಸಾಲು: ಒಟ್ಟು 52 ಮನೆ. ತೆಗೆದ ಎಲೆ ರಾಜ ಅಥವಾ ಹಾರ್ಟ್ಸ್ ಆಗಿರಬೇಕು ಎಂದರೆ ರಾಜನ ಕಂಬಸಾಲಿನಲ್ಲಿ 4, ಹಾರ್ಟ್ಸ್ ಅಡ್ಡಸಾಲಿನಲ್ಲಿ 13. ಕೂಡಿಸಿ 17/52 ಎಂದು ಬರೆದವರು ಎರಡೂ ಸಾಲು ಕೂಡುವ ಮನೆಯಲ್ಲಿರುವ ಹಾರ್ಟ್ಸ್ ರಾಜನನ್ನು ಎರಡು ಸಲ ಎಣಿಸಿದ್ದಾರೆ. ಬೇಕಾದ್ದು 16/52, ಅಂದರೆ 4/13. ಸಂಕ್ಷೇಪಿಸಲು ಪ್ರಶ್ನೆಯಲ್ಲಿ ಹೇಳದಿದ್ದರೆ 16/52 ಎಂದು ಬಿಟ್ಟವರ ಅಂಕ ಕಡಿಯಲು ಕಾರಣವಿಲ್ಲ, ಬೆಲೆ ಎರಡಕ್ಕೂ ಒಂದೇ. ಚಿತ್ರದ ಎಲೆಗಳು 16 ಎನ್ನುವವರು ಎಕ್ಕವನ್ನೂ ಸೇರಿಸಿಕೊಂಡಿರುತ್ತಾರೆ. ಪಠ್ಯಪುಸ್ತಕದ ಪ್ರಕಾರ ಅವು 12 ಮಾತ್ರ: ರಾಜ, ರಾಣಿ, ಗುಲಾಮ.