ಫ್ರಿಜ್ ಬಿಲ್ಲಿನ ಅಕ್ಷರ ಮಾಸುವ ಮುನ್ನ

ಫ್ರಿಜ್ಜಿನ ಬಾಗಿಲ ಮೇಲೆ ‘10 ವರ್ಷ ವಾರಂಟಿ’ ಎಂದು ದೊಡ್ಡದಾಗಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ‘ಕಂಪ್ರೆಸರ್‌ಗೆ ಮಾತ್ರ’ ಎಂಬುದು ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ. ಸಾಮಾನ್ಯವಾಗಿ ಇಡೀ ಫ್ರಿಜ್ಜಿಗೆ ಸಿಗುವುದು ಒಂದೇ ವರ್ಷ. ಹಾಗಾಗಿ ಮನೆಯ ವಾರಂಟಿ ಫೈಲಿನಲ್ಲಿ ಒಂದು ವಸ್ತುವಿಗೆ ಒಂದೇ ತಾರೀಖು ಬರೆದಿಟ್ಟರೆ ಸಾಲದು.

2021ರ ಏಪ್ರಿಲ್ 10ರಂದು ಕೊಂಡ ಫ್ರಿಜ್ ಒಂದಿದೆ ಎನ್ನೋಣ. ಫೈಲಿನ ಹಾಳೆಯಲ್ಲಿ ಎರಡು ಸಾಲು ಬರಬೇಕು: ಪೂರ್ತಿ ವಾರಂಟಿ 2022ರ ಏಪ್ರಿಲ್ 9ರವರೆಗೆ, ಕಂಪ್ರೆಸರ್ 2031ರ ಏಪ್ರಿಲ್ 9ರವರೆಗೆ. ಐದನೇ ವರ್ಷ ತಂಪು ನಿಂತು, ಮೆಕ್ಯಾನಿಕ್ ಬಂದು ಕಂಪ್ರೆಸರ್ ಹೋಗಿದೆ ಎಂದರೆ ಆ ಬಿಡಿಭಾಗಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಗ್ಯಾಸ್ ತುಂಬುವುದು, ಕೂಲಿ, ವಿಸಿಟಿಂಗ್ ಚಾರ್ಜು ಬಹಳಷ್ಟು ಕಡೆ ನಮ್ಮ ತಲೆಗೇ ಬರುತ್ತವೆ. ಇದನ್ನೂ ಕಾರ್ಡು ನೋಡಿ ಅದೇ ಹಾಳೆಯಲ್ಲಿ ಬರೆದಿಟ್ಟರೆ, ‘ವಾರಂಟಿ ಇದ್ದರೂ ದುಡ್ಡು ಯಾಕೆ?’ ಎಂಬ ಜಗಳ ಅರ್ಧಕ್ಕರ್ಧ ತಪ್ಪುತ್ತದೆ.

ಇದೆಲ್ಲ ನಿಂತಿರುವುದು ಬಿಲ್ಲಿನ ಮೇಲೆ. ಅಂಗಡಿಯ ಮಿಷನ್ನಿನಿಂದ ಬರುವ ನುಣುಪು ಕಾಗದದ ಬಿಲ್ಲಿಗೆ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದಾಗ ಕಪ್ಪಾಗುವ ಲೇಪವೊಂದೇ ಅದರ ಅಕ್ಷರ. ಸೆಕೆ, ಬಿಸಿಲು, ಪ್ಲಾಸ್ಟಿಕ್ ಕವರ್ ತಾಗಿದರೆ ಅದು ಕ್ರಮೇಣ ಮಾಸಿ ಬರಿಯ ಬಿಳಿ ಹಾಳೆ ಉಳಿಯುತ್ತದೆ. ಜೋಪಾನವಾಗಲಿ ಎಂದು ಲ್ಯಾಮಿನೇಷನ್ ಮಾಡಿಸಿದರಂತೂ ಆ ಬಿಸಿಗೆ ಬಿಲ್ ಪೂರ್ತಿ ಕಪ್ಪಾದೀತು. ತಂದ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು, ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿಬಿಡಿ.

ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬರೀ ‘ಫ್ರಿಜ್ 1’ ಎಂದು ಬರೆದ ಬಿಲ್ಲು ನಿಮ್ಮ ಮನೆಯ ಫ್ರಿಜ್ಜಿನದೇ ಎಂದು ತೋರಿಸುವುದು ಕಷ್ಟ. ಸೀರಿಯಲ್ ನಂಬರಿನ ಚೀಟಿ ಫ್ರಿಜ್ಜಿನ ಹಿಂಬದಿಯಲ್ಲೋ, ಒಳಗೆ ತರಕಾರಿ ಡಬ್ಬದ ಪಕ್ಕದ ಗೋಡೆಯಲ್ಲೋ ಇರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸುವ ಮೊದಲೇ ಅದರ ಫೋಟೊ ತೆಗೆದುಕೊಳ್ಳಿ.

ಸರ್ವಿಸ್ ನಂಬರನ್ನು ಕೆಟ್ಟ ದಿನ ಗೂಗಲ್‌ನಲ್ಲಿ ಹುಡುಕುವುದು ಅಪಾಯ. ಕಂಪನಿಯ ಹೆಸರಿನಲ್ಲಿ ಮೋಸಗಾರರು ಹಾಕಿದ ನಂಬರುಗಳೂ ಅಲ್ಲಿರುತ್ತವೆ. ಯಾವುದೋ ಆ್ಯಪ್ ಹಾಕಿಸಿಯೋ ಒಟಿಪಿ ಕೇಳಿಯೋ ಖಾತೆಯ ದುಡ್ಡು ಎಗರಿಸುತ್ತಾರೆ. ಮ್ಯಾನುಯಲ್‌ನಲ್ಲಿ ಅಚ್ಚಾಗಿರುವ ನಂಬರನ್ನೇ ಹಾಳೆಯ ಮೇಲ್ಭಾಗಕ್ಕೆ ಇಳಿಸಿಕೊಳ್ಳಿ.

ಪೂರ್ತಿ ವಾರಂಟಿ ಮುಗಿಯಲು ಒಂದು ತಿಂಗಳಿರುವಾಗ ಮೊಬೈಲ್ ಕ್ಯಾಲೆಂಡರಿನಲ್ಲಿ ಅಲಾರಂ ಇಡುವುದು ಒಳ್ಳೆಯದು. ಬಾಗಿಲಿನ ರಬ್ಬರಿಗೆ ನೋಟು ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಹಿಡಿತ ಸಡಿಲಾಗಿದೆ ಎಂದರ್ಥ. ಆಗಲೇ ದೂರು ಕೊಡಿ. ದೂರಿನ ನಂಬರು, ತಾರೀಖು, ಮೆಕ್ಯಾನಿಕ್ ಕೊಟ್ಟ ಜಾಬ್ ಶೀಟ್ ಎಲ್ಲವೂ ಬಿಲ್ಲಿನ ಹಿಂದೆಯೇ ಸೇರಲಿ. ಕಂಪನಿ ಕೈಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಈ ಕಾಗದಗಳು ಕೈಯಲ್ಲಿರಬೇಕು. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕು.